ಮೊದಲ ವರ್ಷದ ಮೂರು ಲಕ್ಷ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸ್ವಂತ ಉದ್ಯಮ ಮಾಡಬೇಕೆನ್ನುವವರಿಗೆ ನಾಲ್ಕು ಮಾತು ಹೇಳಿ ಎಂದಿದ್ದಾರೆ. ನಾನು ಹಣ ಕಳೆದುಕೊಂಡ ಲೆಕ್ಕವನ್ನೇ ಹೇಳುತ್ತೇನೆ.

ನಾನೂ ಅಕ್ಕನೂ ರಾಗಿ ಹುರಿಹಿಟ್ಟನ್ನು ಆನ್‌ಲೈನ್‌ನಲ್ಲಿ ಮಾರತೊಡಗಿದಾಗ ಮೊದಲ ವರ್ಷದ ಪ್ರಚಾರಕ್ಕೆಂದು 3 ಲಕ್ಷ ರೂಪಾಯಿ ತೆಗೆದಿಟ್ಟೆವು. ಅದರಲ್ಲಿ ಅಕ್ಕನ ಬಳೆ ಅಡವಿಟ್ಟ ದುಡ್ಡೂ ಇತ್ತು. ಎರಡೇ ತಿಂಗಳಲ್ಲಿ 1 ಲಕ್ಷ ಖರ್ಚಾಯಿತು. ಮೊಬೈಲ್ ಜಾಹೀರಾತಿಗೆ ಸುರಿದ 60,000ಕ್ಕೆ 300 ಆರ್ಡರ್ ಬಂದವು. ಹೆಸರಾಂತ ವಿಡಿಯೊ ಕಲಾವಿದರೊಬ್ಬರಿಗೆ ಕೊಟ್ಟ 40,000ಕ್ಕೆ ಬಂದದ್ದು 80. ಆರ್ಡರ್ ಬಂತಲ್ಲ ಎಂದು ನಾನು ಖುಷಿಯಲ್ಲಿದ್ದೆ.

ಒಂದು ರಾತ್ರಿ ಅಕ್ಕ ನೋಟ್‌ಬುಕ್ ತೆರೆದಳು. 250 ರೂಪಾಯಿಯ ಪೊಟ್ಟಣದಲ್ಲಿ ರಾಗಿ, ಪ್ಯಾಕಿಂಗ್, ಕೊರಿಯರ್ ಕಳೆದರೆ ನಮಗೆ ಉಳಿಯುವುದು 90. ಜಾಹೀರಾತಿನಿಂದ ಒಬ್ಬ ಗಿರಾಕಿಯನ್ನು ಕರೆತರಲು 200 ತಗಲಿದೆ. ಆತ ಮೂರು ಸಲ ಕೊಂಡರೆ ಮಾತ್ರ ಅಸಲು ಹುಟ್ಟುತ್ತದೆ. ಕಲಾವಿದರ ಕಡೆಯಿಂದ ಬಂದವರಿಗೆ ತಲಾ 500. ಅವರು ಆರು ಸಲ ಕೊಳ್ಳಬೇಕು. ಮತ್ತೆ ಕೊಂಡವರು ಎಷ್ಟು ಮಂದಿ ಎಂದು ಅವಳು ಕೇಳಿದಳು. ನಾನು ಅದನ್ನು ಬರೆದಿಟ್ಟಿರಲೇ ಇಲ್ಲ.

ಉಳಿದ 2 ಲಕ್ಷವನ್ನು ಬೇರೆ ರೀತಿ ಹಂಚಿದೆವು. ನಮ್ಮದೇ ಶ್ರಮದ ಪ್ರಚಾರ ಪುಕ್ಕಟೆ ಎಂದುಕೊಂಡಿದ್ದೆವು. ಅದಕ್ಕೂ ಒಬ್ಬರ ಸಮಯ ಬೇಕು. ಅಡುಗೆ ವಿಡಿಯೊ ಮಾಡಲು, ವಾಟ್ಸ್ಆ್ಯಪ್‌ನಲ್ಲಿ ಬರುವ ಪ್ರಶ್ನೆಗಳಿಗೆ ಉತ್ತರಿಸಲು ಒಬ್ಬ ಹುಡುಗಿಯನ್ನು ತಿಂಗಳಿಗೆ 7,000ಕ್ಕೆ ಅರೆಕಾಲ ಇಟ್ಟುಕೊಂಡೆವು. ಹತ್ತು ತಿಂಗಳಿಗೆ 70,000. ಐದು ತಿಂಗಳು ಏನೂ ಕಾಣಲಿಲ್ಲ; ಆಮೇಲೆ ಜನ ತಾವಾಗಿಯೇ ಹುಡುಕಿಕೊಂಡು ಬಂದರು.

ಅಡುಗೆಯನ್ನೇ ತೋರಿಸುವ ಐವರು ಸಣ್ಣ ಕಲಾವಿದರಿಗೆ ತಲಾ 8,000 ಕೊಟ್ಟೆವು. ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕ್. ಒಟ್ಟು 320 ಆರ್ಡರ್, ಅಂದರೆ ತಲಾ 125. ಎರಡನೇ ಸಲ ಕೊಂಡರೆ ಸಾಕು. ಲಿಂಕ್ ಒತ್ತದೆ ಫೋನ್ ಮಾಡುವವರೂ ಇರುತ್ತಾರೆ. ಅವರನ್ನು 'ಎಲ್ಲಿ ನೋಡಿದಿರಿ?' ಎಂದು ಕೇಳಿ ಬರೆದುಕೊಂಡೆವು. ಹಣ ಕೊಟ್ಟು ಮಾಡಿಸಿದ ವಿಡಿಯೊದಲ್ಲಿ ಅದು ಜಾಹೀರಾತೆಂದು ಹೇಳಲೇಬೇಕು; ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿಯಲ್ಲೇ ಅದಿದೆ.

ಜಾಹೀರಾತಿಗೆ ಉಳಿಸಿದ್ದು 30,000 ಮಾತ್ರ. ಹಣ ಹಾಕದೆಯೇ ಜನ ಮೆಚ್ಚಿದ ವಿಡಿಯೊಗಳನ್ನಷ್ಟೇ ಅದರಿಂದ ಇನ್ನಷ್ಟು ಜನಕ್ಕೆ ತಲುಪಿಸಿದೆವು.

ಮಿಕ್ಕ 60,000ಕ್ಕೆ ಯಾವ ಹೆಸರನ್ನೂ ಬರೆಯಲಿಲ್ಲ. ಒಂಬತ್ತನೇ ತಿಂಗಳು ಮತ್ತೆ ಕೊಂಡವರ ಪಟ್ಟಿ ನೋಡಿ, ಐವರಲ್ಲಿ ಇಬ್ಬರು ಕಲಾವಿದರಿಗೇ ಅದನ್ನು ಕೊಟ್ಟೆವು. ಮೊದಲ ದಿನವೇ ಪೂರ್ತಿ ಹಂಚಿಬಿಟ್ಟಿದ್ದರೆ ಹಾಗೆ ಮಾಡಲು ಕೈಯಲ್ಲಿ ಕಾಸಿರುತ್ತಿರಲಿಲ್ಲ.

ನಮ್ಮ ಅಂಕಿಗಳು ನಿಮಗೆ ಹೊಂದಲಾರವು. ವರ್ಷಕ್ಕೊಮ್ಮೆ ಕೊಳ್ಳುವ ಸರಕಾದರೆ ಮೊದಲ ಮಾರಾಟದಲ್ಲೇ ಖರ್ಚು ಹುಟ್ಟಬೇಕು. ಆದರೆ ಒಂದು ಪೊಟ್ಟಣಕ್ಕೆ ಉಳಿಯುವುದೆಷ್ಟು, ಕೊಂಡವರು ಮತ್ತೆ ಬಂದರೇ ಎಂಬ ಎರಡು ಕಾಲಂ ಮೊದಲ ದಿನದಿಂದಲೇ ಬರೆಯಿರಿ. ಕೂಡುವುದು ಕಳೆಯುವುದು ಇದೇ ಶಾಲೆಯಲ್ಲಿ ಕಲಿತದ್ದು. ನಾನು ಬಳಸಲು ತಡಮಾಡಿದೆ, ಅಷ್ಟೆ.

ಅಕ್ಕನ ಬಳೆ ಹದಿನಾಲ್ಕನೇ ತಿಂಗಳು ಬಿಡಿಸಿಕೊಂಡೆವು.