ಐಇಎಲ್‌ಟಿಎಸ್ ಸ್ಪೀಕಿಂಗ್: ಬಾಯಿಪಾಠ ಬೇಡ, ಐದು ಪದ ಸಾಕು

ಪುಣೆಯ ಖಡಕಿಯಿಂದ ಮಾತಾಡ್ತಿದ್ದೀನಿ. ಯುಕೆಯ ಸ್ಕಿಲ್ಡ್ ವರ್ಕರ್ ವೀಸಾಗೆ ಮೊದಲ ಸಲ ಅರ್ಜಿ ಹಾಕುವವರಿಗೆ 2026ರ ಜನವರಿ 8ರಿಂದ ಬಿ2 ಮಟ್ಟದ ಇಂಗ್ಲಿಷ್ ಬೇಕು. ಅಂದರೆ ಐಇಎಲ್‌ಟಿಎಸ್ ಫಾರ್ ಯುಕೆವಿಐನ ನಾಲ್ಕೂ ವಿಭಾಗದಲ್ಲಿ ಕನಿಷ್ಠ 5.5. ಮೊದಲ ಸಲ ನನಗೆ ಸ್ಪೀಕಿಂಗ್‌ನಲ್ಲಿ ಬಂದದ್ದು 5. ಆಫರ್ ಲೆಟರ್ ಕೈಯಲ್ಲೇ ಇತ್ತು!

ಪರೀಕ್ಷೆ 11ರಿಂದ 14 ನಿಮಿಷ. ಪಾರ್ಟ್ 1ರಲ್ಲಿ ಮನೆ, ಕೆಲಸ, ಹವ್ಯಾಸದ ಸಣ್ಣ ಪ್ರಶ್ನೆಗಳು. ಪಾರ್ಟ್ 2ರಲ್ಲಿ ಒಂದು ಕಾರ್ಡ್ ಕೊಡ್ತಾರೆ. ಒಂದು ನಿಮಿಷ ತಯಾರಿ, ಆಮೇಲೆ ಒಂದೆರಡು ನಿಮಿಷ ಒಬ್ಬರೇ ಮಾತಾಡಬೇಕು. ಪಾರ್ಟ್ 3ರಲ್ಲಿ ಅದೇ ವಿಷಯದ ಮೇಲೆ ಚರ್ಚೆ.

ನಾನು ಹಂಪಿ ಬಗ್ಗೆ ಒಂದು ಪುಟ ಬಾಯಿಪಾಠ ಮಾಡಿದ್ದೆ. ಕಾರ್ಡ್‌ನಲ್ಲಿ ಬಂದದ್ದು ‘ನೀವು ಹೋಗುವ ಒಂದು ಶಾಂತ ಜಾಗ’. ಹಂಪಿಯನ್ನೇ ಎಳೆದು ತಂದೆ. ಪಾರ್ಟ್ 3 ಬಂದಾಗ ನನ್ನ ವೇಗ, ಪದಗಳು ಎಲ್ಲಾ ಒಮ್ಮೆಲೇ ಕುಸಿದವು. ಬಾಯಿಪಾಠ ಸಿಕ್ಕಿಬೀಳೋದು ಅಲ್ಲೇ.

ಎರಡನೇ ಸಲ ವಾಕ್ಯ ಬರೆಯಲಿಲ್ಲ. ನನ್ನ ಬದುಕಿನ ನಾಲ್ಕು ನಿಜವಾದ ಘಟನೆ ಆರಿಸಿಕೊಂಡೆ. ಒಂದು ಹೇಳ್ತೀನಿ. ದಾವಣಗೆರೆಯಿಂದ ಬಂದಿದ್ದ ಅಪ್ಪನನ್ನು ಭಾನುವಾರ ಇಲ್ಲಿನ ವಾರ್ ಸೆಮೆಟರಿಗೆ ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮೇಲೆ ಕೆತ್ತಿದ್ದ ವಯಸ್ಸು ಓದುತ್ತಾ ಓದುತ್ತಾ ಅವರು ಸುಮ್ಮನಾಗಿಬಿಟ್ಟರು. ಇದಕ್ಕೆ ನನ್ನ ಐದು ಪದ: ಸೆಮೆಟರಿ, ಸಂಡೇ, ಫಾದರ್, ಏಜಸ್, ಸೈಲೆಂಟ್. ಶಾಂತ ಜಾಗ ಅಂತ ಕೇಳಿದರೆ ಜಾಗದಿಂದ ಶುರು ಮಾಡ್ತೀನಿ. ಹಿರಿಯರ ಜೊತೆ ಕಳೆದ ದಿನ ಅಂದರೆ ಅಪ್ಪನಿಂದ. ಇತಿಹಾಸದ ಸ್ಥಳ ಅಂದರೆ ಆ ಕಲ್ಲುಗಳಿಂದ. ನಡೆದದ್ದೇ ಆದ್ದರಿಂದ ಪದ ಮರೆತರೂ ಕಥೆ ನಿಲ್ಲಲ್ಲ.

ಇನ್ನೊಂದು ತೊಂದರೆ ನಮ್ಮ ಕನ್ನಡದ ಅಭ್ಯಾಸದ್ದು. ‘ಮಳೆ ಬಂದು, ರಸ್ತೆ ತುಂಬಿ, ಬಸ್ ಸಿಗದೆ ಲೇಟಾಯ್ತು’ ಅಂತ ನಾವು ಕಾರಣ ಮೊದಲು ಹೇಳಿ, ಮುಖ್ಯ ಮಾತನ್ನು ಕೊನೆಗೆ ಇಡ್ತೀವಿ. ಪಾರ್ಟ್ 3ರಲ್ಲಿ ಹೀಗೇ ಮಾಡಿದರೆ ಉತ್ತರ ಎಲ್ಲಿದೆ ಅಂತ ಕೇಳುವವರಿಗೆ ತಿಳಿಯಲ್ಲ. ‘ಊರುಗಳಲ್ಲಿ ಶಾಂತ ಜಾಗ ಯಾಕೆ ಕಡಿಮೆಯಾಗ್ತಿದೆ?’ ಅಂದರೆ ಮೊದಲ ವಾಕ್ಯದಲ್ಲೇ ‘ಮೇನ್ಲಿ ಬಿಕಾಸ್ ಲ್ಯಾಂಡ್ ಈಸ್ ಎಕ್ಸ್‌ಪೆನ್ಸಿವ್’ ಅನ್ನಿ. ಆಮೇಲೆ ಒಂದು ಕಾರಣ, ಒಂದು ಉದಾಹರಣೆ. ಅಷ್ಟೇ.

ಅಭ್ಯಾಸ ಮಾಡುವಾಗ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಎರಡೇ ವಿಷಯ ಗಮನಿಸಿ. ನಡೆದುಹೋದ ಕಥೆ ಹೇಳ್ತಾ ‘ವೆಂಟ್’ ಇದ್ದದ್ದು ‘ಗೋ’ ಆಯ್ತಾ? ಎರಡು ನಿಮಿಷ ತುಂಬುವ ಮೊದಲೇ ಮಾತು ಮುಗೀತಾ? ಮುಗಿದಿದ್ದರೆ ಹೊಸ ವಿಷಯ ಹುಡುಕಬೇಡಿ. ಆ ಹೊತ್ತಲ್ಲಿ ಏನನ್ನಿಸಿತು ಅಂತ ಸೇರಿಸಿ.

ಎರಡನೇ ಸಲ ನನಗೆ 6.5 ಬಂತು. ಕಾರ್ಡ್‌ನಲ್ಲಿ ಕೇಳಿದ್ದು ಹಿರಿಯರೊಬ್ಬರ ಬಗ್ಗೆ. ನಾನು ಅಪ್ಪನಿಂದಲೇ ಶುರು ಮಾಡಿದೆ.