ಗ್ರಂಥಋಣದಲ್ಲಿ ಹೆಸರಿನ ಯಾವ ಭಾಗ ಮೊದಲು?

ದ.ರಾ. ಬೇಂದ್ರೆ, ಎಂ.ಎನ್. ಶ್ರೀನಿವಾಸ್ — ಈ ಎರಡು ಹೆಸರುಗಳು ನೋಡಲು ಒಂದೇ ಬಗೆ. ಒಳಗಿನ ಕಟ್ಟು ಬೇರೆ. ‘ದ’ ಎಂದರೆ ದತ್ತಾತ್ರೇಯ, ಕವಿಯ ಸ್ವಂತ ಹೆಸರು; ‘ರಾ’ ತಂದೆ ರಾಮಚಂದ್ರ; ಬೇಂದ್ರೆ ಎಂಬುದು ಮನೆತನದ ಹೆಸರು. ಸಮಾಜಶಾಸ್ತ್ರಜ್ಞ ಶ್ರೀನಿವಾಸರಲ್ಲಿ ‘ಎಂ’ ಮೈಸೂರು, ‘ಎನ್’ ನರಸಿಂಹಾಚಾರ್; ಸ್ವಂತ ಹೆಸರು ಕೊನೆಯಲ್ಲಿದೆ, ಮನೆತನದ ಹೆಸರೇ ಇಲ್ಲ.

ಆದರೂ ಇಂಥ ಹೆಸರುಗಳಿಗೆ ಗ್ರಂಥಋಣದಲ್ಲಿ ಒಂದೇ ಸೂತ್ರ ಸಾಕು: ಪೂರ್ಣವಾಗಿ ಬರೆದ ಪದ ಮೊದಲು, ಬಳಿಕ ಅಲ್ಪವಿರಾಮ, ಅನಂತರ ಇನಿಷಿಯಲ್. ‘ಬೇಂದ್ರೆ, ದ.ರಾ.’, ‘ಶ್ರೀನಿವಾಸ್, ಎಂ.ಎನ್.’ ಅಲ್ಪವಿರಾಮ ಬಿಟ್ಟು ‘ಶ್ರೀನಿವಾಸ್ ಎಂ.ಎನ್.’ ಎಂದು ಕೊಟ್ಟರೆ, ಕೊನೆಯದೇ ಮನೆತನದ ಹೆಸರೆಂದು ಎಣಿಸುವ ತಂತ್ರಾಂಶ ಅದನ್ನು ‘ಎಂ.ಎನ್., ಶ್ರೀನಿವಾಸ್’ ಎಂದು ತಿರುಗಿಸಿಬಿಡುತ್ತದೆ. ಪಟ್ಟಿಯಲ್ಲಿ ಬಿಡಿ ಅಕ್ಷರದಿಂದ ಆರಂಭವಾಗುವ ಹೆಸರು ಕಂಡರೆ ಅಲ್ಲಿ ತಪ್ಪು ನುಸುಳಿದೆಯೇ ಎಂದು ನೋಡಬೇಕು.

ಕುವೆಂಪು ಎಂಬುದು ಒಂಟಿ ಹೆಸರು. ಅದನ್ನು ಒಡೆಯಬಾರದು, ಅದಕ್ಕೆ ಇನಿಷಿಯಲ್ ಸೇರಿಸಬಾರದು. ಕೆಲವು ಕೃತಿಗಳನ್ನು ‘ಕುವೆಂಪು’ ಎಂದೂ ಕೆಲವನ್ನು ‘ಪುಟ್ಟಪ್ಪ, ಕೆ.ವಿ.’ ಎಂದೂ ಹಾಕಿದರೆ, ಅಕಾರಾದಿ ಕ್ರಮದಲ್ಲಿ ಅವು ‘ಕ’ ಮತ್ತು ‘ಪ’ಗಳ ನಡುವೆ ಹಂಚಿಹೋಗಿ, ಓದುಗ ಇವರು ಇಬ್ಬರು ಲೇಖಕರೆಂದು ತಿಳಿದಾನು. ಕೊನೆಯವರೆಗೂ ಒಂದನ್ನೇ ಬಳಸಿ, ಇನ್ನೊಂದರ ಎದುರು ‘ನೋಡಿ: ಕುವೆಂಪು’ ಎಂದು ಬರೆದರೆ ಸಾಕು.