ಛಾಯಾಚಿತ್ರದ ವರಮಾನ ಪಟ್ಟಿಯಿಂದ ಅಸಮಾನತೆಯ ರೇಖೆ: ಓದುವ, ಎಳೆಯುವ ಮತ್ತು ತೀರ್ಮಾನಿಸುವ ಕ್ರಮ
(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ಅಭಿವೃದ್ಧಿ ಯೋಜನೆ ಸಿದ್ಧವಾಗುವಾಗ ಗ್ರಾಮದ ಸರಾಸರಿ ವರಮಾನವನ್ನು ಮುಂದಿಡುವುದು ವಾಡಿಕೆ. ಕಾಫಿ, ಮೆಣಸು, ಏಲಕ್ಕಿಯ ತೋಟಗಳೂ, ಕಣಿವೆಯ ಸಣ್ಣ ಗದ್ದೆಗಳೂ, ಕೂಲಿಯ ಕುಟುಂಬಗಳೂ ಒಂದೇ ಗ್ರಾಮದಲ್ಲಿರುವ ಮಲೆನಾಡಿನ ಭಾಗದಲ್ಲಿ ಆ ಸರಾಸರಿ ಯಾರ ಸ್ಥಿತಿಯನ್ನೂ ಹೇಳದಿರುವ ಸಂಭವವುಂಟು. ಒಟ್ಟು ವರಮಾನದಲ್ಲಿ ಯಾರ ಪಾಲೆಷ್ಟು ಎಂಬುದನ್ನು ಒಂದೇ ನೋಟಕ್ಕೆ ತೋರಿಸುವ ರೇಖೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾಕ್ಸ್ ಲೊರೆನ್ಸ್ 1905ರಲ್ಲಿ ರೂಪಿಸಿದರು. ಆ ರೇಖೆಯ ಬಾಗನ್ನು ಒಂದು ಸಂಖ್ಯೆಯಾಗಿ ಹೇಳುವ ಕ್ರಮವು 1912ರಲ್ಲಿ ಇಟಲಿಯ ಕೊರಾಡೊ ಗಿನಿ ಅವರಿಂದ ಬಂದಿತು. ಗ್ರಾಫ್ ಕಾಗದ ಮತ್ತು ಸಾಮಾನ್ಯ ಕ್ಯಾಲ್ಕುಲೇಟರ್ ಇದ್ದರೆ ಎರಡನ್ನೂ ಪಂಚಾಯತಿ ಕಚೇರಿಯಲ್ಲಿಯೇ ಮಾಡಬಹುದು.

ಅಭ್ಯಾಸಕ್ಕಾಗಿ ಒಂದು ಕಲ್ಪಿತ ಗ್ರಾಮವನ್ನು ತೆಗೆದುಕೊಳ್ಳಲಾಗಿದೆ. ಅಲ್ಲಿ 200 ಕುಟುಂಬಗಳಿವೆ. ಸಮೀಕ್ಷೆಯ ವಹಿಯ ಪುಟವೊಂದನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಲಾಗಿದೆ. ಅದರಲ್ಲಿರುವ ವಾರ್ಷಿಕ ವರಮಾನದ ವಿವರ ಹೀಗಿದೆ:

| ವರ್ಗ | ಕುಟುಂಬಗಳು | ಒಟ್ಟು ವರಮಾನ (ಲಕ್ಷ ರೂ.) |
|---|---|---|
| 75 ಸಾವಿರದವರೆಗೆ | 60 | 36 |
| 75 ಸಾವಿರದಿಂದ 1.25 ಲಕ್ಷ | 60 | 60 |
| 1.25 ರಿಂದ 2 ಲಕ್ಷ | 50 | 84 |
| 2 ರಿಂದ 5 ಲಕ್ಷ | 20 | 60 |
| 5 ಲಕ್ಷಕ್ಕೆ ಮೇಲ್ಪಟ್ಟು | 10 | 160 |
| ಒಟ್ಟು | 200 | 400 |

ಮೊದಲು ಓದುವ ಕ್ರಮ

ಛಾಯಾಚಿತ್ರದಲ್ಲಿ ಪುಟದ ಮಡಿಕೆ, ಕೈಯ ನೆರಳು ಮತ್ತು ಓರೆಯಾದ ಸಾಲುಗಳಿಂದ ಅಂಕಿ ತಪ್ಪುವುದುಂಟು. ಕನ್ನಡ ಅಂಕಿಗಳಲ್ಲಿ ಬರೆದ ವಹಿಯಾದರೆ ೬ ಮತ್ತು ೯ ಪರಸ್ಪರ ಬದಲಾಗುವುದು ಸುಲಭ. ಆದುದರಿಂದ ಅಂಕಿಗಳನ್ನು ಬರೆದುಕೊಂಡ ಕೂಡಲೇ ಎರಡು ಪರೀಕ್ಷೆಗಳನ್ನು ಮಾಡತಕ್ಕದ್ದು.

ಮೊದಲನೆಯದು, ಪ್ರತಿ ಸಾಲಿನ ವರಮಾನವನ್ನು ಆ ಸಾಲಿನ ಕುಟುಂಬಗಳ ಸಂಖ್ಯೆಯಿಂದ ಭಾಗಿಸುವುದು. ದೊರೆತ ಸರಾಸರಿಯು ಆ ವರ್ಗದ ಮಿತಿಯೊಳಗೇ ಇರಬೇಕು. ಎರಡನೆಯ ಸಾಲಿನ ೬೦ ಅನ್ನು ೯೦ ಎಂದು ಓದಿದರೆ ಸರಾಸರಿ 1.5 ಲಕ್ಷವಾಗುತ್ತದೆ. ಆ ವರ್ಗದ ಮೇಲ್ಮಿತಿ 1.25 ಲಕ್ಷವಾದ್ದರಿಂದ ತಪ್ಪು ಆಗಲೇ ಗೊತ್ತಾಗುತ್ತದೆ.

ಎರಡನೆಯದು, ಸಾಲುಗಳನ್ನು ಕೂಡಿ ಪಟ್ಟಿಯ ಕೊನೆಯ ಒಟ್ಟು ಮೊತ್ತದೊಂದಿಗೆ ತಾಳೆ ನೋಡುವುದು. ಕೊನೆಯ ವರ್ಗಕ್ಕೆ ಮೇಲ್ಮಿತಿಯೇ ಇಲ್ಲದ ಕಾರಣ ಅಲ್ಲಿ ಮೊದಲನೆಯ ಪರೀಕ್ಷೆ ನಡೆಯದು. ಅಲ್ಲಿನ 160 ನೆರಳಿನಲ್ಲಿ 100 ಎಂದು ಕಂಡರೆ ಸರಾಸರಿ 10 ಲಕ್ಷವಾಗಿ ವರ್ಗಕ್ಕೆ ಹೊಂದಿಯೇ ಹೊಂದುತ್ತದೆ. ಆದರೆ ಮೊತ್ತ 400ರ ಬದಲು 340 ಆಗುತ್ತದೆ. ಒಟ್ಟು ಸಾಲು ಚಿತ್ರದ ಅಂಚಿನಲ್ಲಿ ಕತ್ತರಿಸಿ ಹೋಗಿದ್ದರೆ ಮೂಲ ಪುಟವನ್ನು ನೋಡದೆ ಮುಂದುವರಿಯಬಾರದು.

ರೇಖೆಯನ್ನು ಎಳೆಯುವ ಕ್ರಮ

ವರ್ಗಗಳನ್ನು ಕಡಿಮೆ ವರಮಾನದಿಂದ ಹೆಚ್ಚಿನದಕ್ಕೆ ಜೋಡಿಸಿ, ಪ್ರತಿ ವರ್ಗದ ಪಾಲನ್ನು ಶೇಕಡಾವಾರು ತೆಗೆಯಬೇಕು. ಈ ಪಟ್ಟಿಯಲ್ಲಿ ಕುಟುಂಬಗಳ ಪಾಲು ಕ್ರಮವಾಗಿ 30, 30, 25, 10, 5. ವರಮಾನದ ಪಾಲು 9, 15, 21, 15, 40. ಅನಂತರ ಒಂದಕ್ಕೊಂದು ಕೂಡಿಸುತ್ತಾ ಹೋದರೆ ಸಂಚಿತ ಪಾಲು ದೊರೆಯುತ್ತದೆ: ಕುಟುಂಬಗಳು 30, 60, 85, 95, 100, ವರಮಾನ 9, 24, 45, 60, 100.

ಗ್ರಾಫ್ ಕಾಗದದ ಅಡ್ಡಗೆರೆಯಲ್ಲಿ ಕುಟುಂಬಗಳ ಸಂಚಿತ ಪಾಲನ್ನೂ ನಿಲುವುಗೆರೆಯಲ್ಲಿ ವರಮಾನದ ಸಂಚಿತ ಪಾಲನ್ನೂ ಗುರುತಿಸಿ, ಸೊನ್ನೆಯಿಂದ ಆರಂಭಿಸಿ ಬಿಂದುಗಳನ್ನು ಸೇರಿಸಬೇಕು. ಸೊನ್ನೆಯಿಂದ 100ರ ಮೂಲೆಗೆ ಎಳೆದ ನೇರ ಕರ್ಣವು ಎಲ್ಲರಿಗೂ ಸಮಪಾಲು ಇದ್ದರೆ ಬರುವ ರೇಖೆ. ವಾಸ್ತವದ ರೇಖೆ ಅದರಿಂದ ಎಷ್ಟು ಕೆಳಗೆ ಬಾಗಿದೆಯೋ ವರಮಾನ ಅಷ್ಟು ಕೆಲವರಲ್ಲಿ ಕೇಂದ್ರೀಕೃತವಾಗಿದೆ. ಇಲ್ಲಿ ರೇಖೆಯು 95ರವರೆಗೆ ಮೆಲ್ಲಗೆ ಏರಿ, ಕೊನೆಯ 5ರಲ್ಲಿ 60ರಿಂದ 100ಕ್ಕೆ ಕಡಿದಾಗಿ ಜಿಗಿಯುತ್ತದೆ. ಎಂದರೆ ಹತ್ತು ಕುಟುಂಬಗಳಲ್ಲಿ ಗ್ರಾಮದ ಶೇ. 40ರಷ್ಟು ವರಮಾನವಿದೆ. ಸರಾಸರಿ ವರಮಾನ 2 ಲಕ್ಷವಾದರೂ 200ರಲ್ಲಿ 170 ಕುಟುಂಬಗಳು ಆ ಸರಾಸರಿಯನ್ನು ಮೀರಿಲ್ಲ.

ಸಂಖ್ಯೆಯಾಗಿ ಹೇಳುವ ಕ್ರಮ

ಪ್ರತಿ ಸಾಲಿನಲ್ಲಿ ಹಿಂದಿನ ಸಂಚಿತ ವರಮಾನವನ್ನೂ ಆ ಸಾಲಿನ ಸಂಚಿತ ವರಮಾನವನ್ನೂ ಕೂಡಿ, ಆ ಸಾಲಿನ ಕುಟುಂಬಗಳ ಪಾಲಿನಿಂದ ಗುಣಿಸಬೇಕು. ಮೊದಲ ಸಾಲಿಗೆ ಹಿಂದಿನದು ಸೊನ್ನೆ. ಆದ್ದರಿಂದ 30 × 9 = 270. ಎರಡನೆಯದಕ್ಕೆ 9 ಮತ್ತು 24 ಕೂಡಿ 33; 30 × 33 = 990. ಹಾಗೆಯೇ ಉಳಿದವು 1725, 1050 ಮತ್ತು 800. ಒಟ್ಟು 4835. ಇದನ್ನು 10,000ದಿಂದ ಭಾಗಿಸಿ 1ರಿಂದ ಕಳೆದರೆ 0.5165, ಅಂದರೆ ಸುಮಾರು 0.52. ಇದೇ ಗಿನಿ ಗುಣಾಂಕ. ಪೂರ್ಣ ಸಮಾನತೆಯಿದ್ದರೆ ಅದು 0. ಎಲ್ಲ ವರಮಾನವೂ ಒಂದೇ ಕುಟುಂಬಕ್ಕೆ ಸೇರಿದರೆ 1ರ ಸಮೀಪ.

ಮೇಲೆ ಹೇಳಿದ ಒಂದೇ ಅಂಕಿಯ ತಪ್ಪು, ಅಂದರೆ 160ರ ಬದಲು 100, ಈ ಗುಣಾಂಕವನ್ನು 0.44ಕ್ಕೆ ಇಳಿಸುತ್ತದೆ. ಗ್ರಾಮವು ಇರುವುದಕ್ಕಿಂತ ಹೆಚ್ಚು ಸಮಾನವೆಂದು ಕಾಣುತ್ತದೆ. ಓದುವ ಪರೀಕ್ಷೆಗೆ ಮೊದಲ ಸ್ಥಾನ ಕೊಟ್ಟಿರುವ ಕಾರಣ ಇದೇ.

ತೀರ್ಮಾನದ ಮಿತಿಗಳು

ಒಂದು ವರ್ಗದೊಳಗಿನ ಎಲ್ಲ ಕುಟುಂಬಗಳಿಗೂ ಸಮಾನ ವರಮಾನವೆಂದು ಭಾವಿಸಿ ಈ ರೇಖೆಯನ್ನು ಎಳೆಯಲಾಗುತ್ತದೆ. ನಿಜದಲ್ಲಿ ಹಾಗಿರುವುದಿಲ್ಲ. ಆದುದರಿಂದ ದೊರೆತ ಗುಣಾಂಕವು ವಾಸ್ತವಕ್ಕಿಂತ ತುಸು ಕಡಿಮೆಯೇ ಆಗಿರುತ್ತದೆ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಗ್ರಾಮೀಣ ಪಟ್ಟಿಯು ಈ ಲೆಕ್ಕಕ್ಕೆ ಒದಗದು. ಅದರಲ್ಲಿ ಕುಟುಂಬದ ಅತಿ ಹೆಚ್ಚು ಗಳಿಸುವ ಸದಸ್ಯರ ಮಾಸಿಕ ವರಮಾನ 5,000ಕ್ಕಿಂತ ಕಡಿಮೆಯೇ, 5,000ದಿಂದ 10,000ವೇ, ಅದಕ್ಕೂ ಹೆಚ್ಚೇ ಎಂದಷ್ಟೇ ಇದ್ದು, ಕುಟುಂಬದ ಒಟ್ಟು ವರಮಾನವಿಲ್ಲ.

ಎಲ್ಲಕ್ಕಿಂತ ಗಮನಿಸಬೇಕಾದುದು, ಪಟ್ಟಿಯಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂಬುದು. ಇದೇ ಗ್ರಾಮದ ತೋಟಗಳ ಲೈನ್ ಮನೆಗಳಲ್ಲಿ ವರ್ಷಕ್ಕೆ 60 ಸಾವಿರ ಗಳಿಸುವ 50 ಕುಟುಂಬಗಳಿದ್ದು, ಅವನ್ನು ಎಣಿಸಿಲ್ಲವೆಂದು ಭಾವಿಸಿದರೆ ಹೇಗೆ? ಅವನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದಾಗ ಕೆಳವರ್ಗದ ಪಾಲು ಶೇ. 30ರಿಂದ 44ಕ್ಕೆ ಏರುತ್ತದೆ. ಸರಾಸರಿ 2 ಲಕ್ಷದಿಂದ 1.72 ಲಕ್ಷಕ್ಕೆ ಇಳಿಯುತ್ತದೆ. ಆದರೆ ಗುಣಾಂಕ ಮಾತ್ರ 0.52ರಿಂದ 0.51ಕ್ಕೆ ಬಂದು ಬಹುತೇಕ ಹಾಗೆಯೇ ಉಳಿಯುತ್ತದೆ. ಐವತ್ತು ಬಡ ಕುಟುಂಬಗಳು ಲೆಕ್ಕದಿಂದ ಹೊರಗುಳಿದರೂ ಈ ಸಂಖ್ಯೆ ಎಚ್ಚರಿಕೆ ಕೊಡುವುದಿಲ್ಲ. ಗುಣಾಂಕವು ಹಂಚಿಕೆಯನ್ನು ಅಳೆಯುತ್ತದೆಯೇ ಹೊರತು ಬಡವರ ಸಂಖ್ಯೆಯನ್ನಲ್ಲ.

ಆದಕಾರಣ ಗ್ರಾಮ ಸಭೆಯ ಮುಂದೆ ಈ ರೇಖೆಯನ್ನು ಇಡುವಾಗ ಅದರ ಕೆಳಗೆ ಮೂರು ವಿಷಯಗಳನ್ನು ಬರೆಯತಕ್ಕದ್ದು: ವರಮಾನವು ಯಾವ ವರ್ಷದ್ದು, ಎಣಿಸಿದ ಕುಟುಂಬಗಳೆಷ್ಟು, ಮತ್ತು ಲೈನ್ ಮನೆಗಳ ನಿವಾಸಿಗಳು ಅದರಲ್ಲಿ ಸೇರಿದ್ದಾರೆಯೇ ಇಲ್ಲವೇ. ಸೇರಿಲ್ಲವಾದರೆ, ಫಲಾನುಭವಿಗಳ ಪಟ್ಟಿಯ ಚರ್ಚೆಗೆ ಮುನ್ನ ಆ ಎಣಿಕೆಯನ್ನು ಪೂರ್ಣಗೊಳಿಸುವುದೇ ಸದಸ್ಯರ ಮುಂದಿನ ಕೆಲಸವಾಗಿರುತ್ತದೆ.